17 ಸೆಕೆಂಡ್, 422 ಸಲ

ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಲ್ಲಿ ಚಿಕಾಗೋ ಮ್ಯಾರಥಾನನ್ನ 2 ಗಂಟೆ 35 ಸೆಕೆಂಡಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ್ದ. ಆ ನಂಬರ್ ನೋಡಿದ್ರೆ ಏನೂ ಅನ್ಸಲ್ಲ, ಎರಡು ಗಂಟೆ ಅಂದ್ರೆ ಒಂದು ಸಿನಿಮಾ ಅಷ್ಟೇ. ಆದ್ರೆ ಒಂದಿನ ಸುಮ್ನೆ ಕೂತು 42.195 ಕಿಲೋಮೀಟರಿನ ಆ ಓಟವನ್ನ 100 ಮೀಟರಿನ ತುಂಡು ಮಾಡಿ ಭಾಗಿಸಿದೆ, 7235 ಸೆಕೆಂಡನ್ನ 421.95ರಿಂದ ಭಾಗಿಸಿದ್ರೆ ಒಂದೊಂದು ತುಂಡಿಗೆ 17.15 ಸೆಕೆಂಡ್ ಬಂತು. 17 ಸೆಕೆಂಡ್ ತಾನೇ, ನಾನೂ ಓಡಬಹುದು ಅನ್ನಿಸ್ತು. ಇದೇ ನೋಡಿ ನಾನು ಮಾಡಿದ ತಪ್ಪು.

ಗೆಳೆಯನೊಬ್ಬನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಟ್ರ್ಯಾಕಿಗಿಳಿದೆ. ಮೊದಲ 100 ಮೀಟರ್ 17 ಸೆಕೆಂಡಿಗೆ ಮುಗೀತು, ಚೆನ್ನಾಗೇ ಇತ್ತು, "ಲೋ, ಕಿಪ್ಟಮ್ ಕಣೋ ನೀನು" ಅಂತ ಅವನು ಕೂಗಿದ್ದೂ ಕೇಳಿಸ್ತು. 200ಕ್ಕೆ 35 ಆಗಿತ್ತು, ಉಸಿರು ಗಂಟಲಲ್ಲಿ. 300 ದಾಟೋ ಹೊತ್ತಿಗೆ ತೊಡೆ ನನ್ನದಲ್ಲ ಅನ್ನಿಸೋಕೆ ಶುರುವಾಯ್ತು, ಕಾಲು ಎತ್ತಿದ್ರೂ ಮುಂದೆ ಹೋಗ್ತಿಲ್ಲ, ಎಲ್ಲೋ ಕೆಸರಲ್ಲಿ ಓಡ್ತಿರೋ ಹಾಗೆ. ಒಂದು ಸುತ್ತು ಮುಗಿಸಿದಾಗ 79 ಸೆಕೆಂಡ್. ಕಿಪ್ಟಮ್ ಲೆಕ್ಕದಲ್ಲಿ ಅದು 68.6 ಇರಬೇಕಿತ್ತು, ಅದೂ ಅವನು ಅಂಥ 105 ಸುತ್ತು ಹಾಕಿ ಮೇಲೆ ಇನ್ನೂ ಅರ್ಧ ಸುತ್ತು ಓಡಿದಂಗೆ. ನಾನು ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ಆಕಾಶ ನೋಡ್ತಾ ಇದ್ದೆ, ಗೆಳೆಯ ಇನ್ನೂ ನಗ್ತಾನೇ ಇದ್ದ.

ಅವತ್ತು ರಾತ್ರಿನೇ ದಾಖಲೆಗಳ ಪಟ್ಟಿ ತೆಗೆದು ಎಲ್ಲಾ ದೂರಕ್ಕೂ ಸರಾಸರಿ ವೇಗ ಲೆಕ್ಕ ಹಾಕ್ತಾ ಕೂತೆ. ಗಂಡಸರ ದಾಖಲೆ ಮಾತ್ರ ತಗೊಂಡೆ, ಟ್ರ್ಯಾಕಿನ ದೂರಗಳು, ಕೊನೆಗೆ ಕಿಪ್ಟಮ್‌ನ ಆ ಚಿಕಾಗೋ ಓಟ. ದೂರ ಜಾಸ್ತಿ ಆದಂಗೆ ವೇಗ ಕಮ್ಮಿ ಆಗತ್ತೆ ಅಂತ ಯಾರಿಗೆ ಗೊತ್ತಿಲ್ಲ ಹೇಳಿ, ಅದರಲ್ಲಿ ಹೊಸದೇನಿಲ್ಲ. ಆದ್ರೆ ಹೇಗೆ ಕಮ್ಮಿ ಆಗತ್ತೆ ಅನ್ನೋದು ನಾನು ಅಂದ್ಕೊಂಡ ಹಾಗೆ ಇರ್ಲಿಲ್ಲ.

ಮೊದಲನೇ ವಿಚಿತ್ರ ಪಟ್ಟಿಯ ಶುರುವಲ್ಲೇ ಸಿಕ್ತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನಲ್ಲಿ 100 ಮೀಟರನ್ನ 9.58ಕ್ಕೆ ಓಡಿದ, ನಾಲ್ಕು ದಿನ ಬಿಟ್ಟು ಅದೇ ಟ್ರ್ಯಾಕಲ್ಲಿ 200 ಮೀಟರನ್ನ 19.19ಕ್ಕೆ ಓಡಿದ. ಸರಾಸರಿ ತೆಗೆದ್ರೆ ಒಂದು ಗಂಟೆಗೆ 37.6 ಕಿಲೋಮೀಟರ್, ಇನ್ನೊಂದು 37.5. ದೂರ ಡಬಲ್ ಆಯ್ತು, ವೇಗ ಹೆಚ್ಚೂಕಮ್ಮಿ ಅಲ್ಲೇ ನಿಂತಿದೆ! ಅಂದ್ರೆ ಬೋಲ್ಟ್‌ಗೆ ಸುಸ್ತೇ ಆಗ್ಲಿಲ್ವಾ?

ಆಯ್ತು, ಖಂಡಿತ ಆಯ್ತು. ಆದ್ರೆ ಅದನ್ನ ಇನ್ನೊಂದು ವಿಷಯ ಮುಚ್ಚಿಹಾಕ್ತು, ಅದು ಸ್ಟಾರ್ಟ್. ನಿಂತ ಕಡೆಯಿಂದ ಹೊರಡೋ ಮನುಷ್ಯ ಮೊದಲ 10 ಮೀಟರಿಗೇ ಎರಡು ಸೆಕೆಂಡಿನ ಹತ್ತಿರ ತಗೋತಾನೆ, ಬೋಲ್ಟ್ ತಗೊಂಡಿದ್ದು 1.89, ಅದೇ ಬೋಲ್ಟ್ 60ರಿಂದ 80 ಮೀಟರಿನ ನಡುವೆ ಗಂಟೆಗೆ 44.7 ಕಿಲೋಮೀಟರ್ ವೇಗದಲ್ಲಿದ್ದಾಗ 10 ಮೀಟರಿಗೆ 0.81 ಸೆಕೆಂಡ್ ಸಾಕಾಗಿತ್ತು. ಈ ಸ್ಟಾರ್ಟ್ ನಷ್ಟ 100ರಲ್ಲೂ ಒಂದೇ ಸಲ, 200ರಲ್ಲೂ ಒಂದೇ ಸಲ. 200ರ ಓಟವನ್ನ ಅರ್ಧ ಮಾಡಿ ನೋಡಿದ್ರೆ ಗೊತ್ತಾಗತ್ತೆ, ತಿರುವಿನ ಮೊದಲ 100ಕ್ಕೆ 9.92, ಓಡ್ತಾ ಓಡ್ತಾನೇ ಶುರುವಾದ ಎರಡನೇ 100ಕ್ಕೆ 9.27. ಸುಸ್ತಾಗಿದ್ರೂ 9.58ಕ್ಕಿಂತ ಚುರುಕು. ಹಾಗಾಗಿ ನಿಜವಾಗಲೂ ಅತಿ ಹೆಚ್ಚು ಸರಾಸರಿ ವೇಗ ಯಾವ ಓಟದ್ದು ಅಂತ ಕೇಳಿದ್ರೆ ಉತ್ತರ 100 ಮೀಟರ್ ಅಲ್ಲ, 4x100 ರಿಲೇ. ಜಮೈಕಾದ ನಾಲ್ವರು 2012ರ ಲಂಡನ್ ಒಲಿಂಪಿಕ್ಸಲ್ಲಿ 36.84 ಸೆಕೆಂಡಿಗೆ ಮುಗಿಸಿದ್ದು, ಗಂಟೆಗೆ 39 ಕಿಲೋಮೀಟರ್ ಮೇಲೆ. ಮೂರು ಜನ ಓಡ್ತಾ ಇರುವಾಗ್ಲೇ ಬ್ಯಾಟನ್ ತಗೋತಾರಲ್ಲ, ಅದಕ್ಕೆ.

ಅದೇ 400 ಮೀಟರನ್ನ ಒಬ್ಬನೇ ಓಡಿದ್ರೆ? ಗಂಟೆಗೆ 33.5. ವೇಯ್ಡ್ ವಾನ್ ನೀಕರ್ಕ್ 2016ರ ರಿಯೋ ಫೈನಲಲ್ಲಿ, ಎಲ್ಲರಿಗಿಂತ ಹೊರಗಿನ ಎಂಟನೇ ಲೇನಲ್ಲಿ, ಅಂದ್ರೆ ಉಳಿದ ಏಳು ಜನರೂ ಹಿಂದೆ, ಯಾರೂ ಕಣ್ಣಿಗೆ ಬೀಳದ ಜಾಗದಲ್ಲಿ ಓಡಿ 43.03 ಮಾಡಿದ. ಆ ಓಟದ ನಾಲ್ಕು ತುಂಡು ಸುಮಾರಾಗಿ ಹೀಗಿದೆ: 10.7, 9.8, 10.5, ಕೊನೆಗೆ 12. ಈ 12ನ್ನ ಒಂದು ನಿಮಿಷ ನೋಡಿ. ಪ್ರಪಂಚದಲ್ಲಿ 400 ಮೀಟರನ್ನ ಎಲ್ಲರಿಗಿಂತ ಬೇಗ ಓಡಿದ ಮನುಷ್ಯ, ಅವನ ಜೀವನದ ಬೆಸ್ಟ್ ಓಟ, ಅದರಲ್ಲೂ ಕೊನೆಯ 100 ಮೀಟರ್ ಎರಡನೆಯದಕ್ಕಿಂತ ಎರಡು ಸೆಕೆಂಡಿಗೂ ಹೆಚ್ಚು ನಿಧಾನ. ಟೀವಿಯಲ್ಲಿ ನೋಡುವಾಗ ಅವನು ಕೊನೆಯಲ್ಲಿ ಜೋರು ಮಾಡಿದ ಹಾಗೆ ಕಾಣತ್ತೆ, ಸುಳ್ಳು, ಪಕ್ಕದವರು ಇನ್ನೂ ಜಾಸ್ತಿ ನಿಧಾನ ಆಗಿರ್ತಾರೆ ಅಷ್ಟೇ. ನಾನು 300 ಮೀಟರಲ್ಲಿ ಕಂಡ ಕೆಸರು ಅವನಿಗೂ ಇತ್ತು ಅನ್ನೋದು ನನಗೆ ಸ್ವಲ್ಪ ಸಮಾಧಾನ ಕೊಡ್ತು.

ಆ ಕೆಸರು ಏನಪ್ಪಾ ಅಂದ್ರೆ, ಸ್ನಾಯುವಿಗೆ ಇಂಧನ ಒಂದೇ ಕಡೆಯಿಂದ ಬರಲ್ಲ. ಸ್ನಾಯು ಓಡೋದು ಎಟಿಪಿ ಅನ್ನೋ ಅಣುವಿನ ಮೇಲೆ, ಆದ್ರೆ ಅದರ ದಾಸ್ತಾನು ಬರೀ ಒಂದೆರಡು ಸೆಕೆಂಡಿಗೆ ಆಗೋಷ್ಟು, ಖರ್ಚಾದಂಗೆ ತಕ್ಷಣ ಮತ್ತೆ ತಯಾರಾಗ್ತಾ ಇರಬೇಕು. ಎಲ್ಲಕ್ಕಿಂತ ಬೇಗ ತಯಾರು ಮಾಡಿಕೊಡೋದು ಸ್ನಾಯುವಲ್ಲೇ ಇರೋ ಕ್ರಿಯಾಟಿನ್ ಫಾಸ್ಫೇಟ್, ಪೂರ್ತಿ ದಮ್ಮಲ್ಲಿ ಓಡಿದ್ರೆ ಅದರ ಬಹುಪಾಲು ಹತ್ತು ಸೆಕೆಂಡಿನ ಆಸುಪಾಸಲ್ಲೇ ಮುಗಿಯತ್ತೆ. ಎರಡನೇದು, ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನ ಆಮ್ಲಜನಕ ಇಲ್ಲದೇನೇ ಒಡೆಯೋ ದಾರಿ, ಇದೂ ಬೇಗಾನೇ, ಆದ್ರೆ ಹಿಂದೆ ಗಲೀಜು ಬಿಟ್ಟು ಹೋಗತ್ತೆ. ಎಲ್ಲರೂ ಲ್ಯಾಕ್ಟಿಕ್ ಆಸಿಡ್ ಅಂತ ಬೈತಾರೆ, ಪಾಪ, ಲ್ಯಾಕ್ಟೇಟ್ ಅಂಥ ಕೆಟ್ಟದ್ದೇನಲ್ಲ, ಅದನ್ನ ಹೃದಯ ಮತ್ತೆ ಉಳಿದ ಸ್ನಾಯುಗಳು ಇಂಧನವಾಗಿ ಉರಿಸಿಕೊಳ್ತವೆ. ಅದರ ಜೊತೆಗೇ ಸೇರ್ಕೊಳ್ಳೋ ಹೈಡ್ರೋಜನ್ ಅಯಾನು, ಒಡೆದ ಫಾಸ್ಫೇಟ್, ಇವುಗಳಿಂದ ಸ್ನಾಯು ಕುಗ್ಗೋ ಶಕ್ತಿ ಕಳ್ಕೊಳ್ಳೋದು. ಮೂರನೇ ದಾರಿ ಆಮ್ಲಜನಕದ್ದು, ಗಲೀಜಿಲ್ಲ, ಗಂಟೆಗಟ್ಟಲೆ ನಡೆಯತ್ತೆ, ಆದ್ರೆ ಅದರ ಕೊಳವೆ ಸಣ್ಣದು, ಪೂರ್ತಿ ತೆರ್ಕೊಳ್ಳೋಕೂ ಒಂದು ನಿಮಿಷದ ಮೇಲೆ ಬೇಕು.

ಇದನ್ನ ನಾನು ಸಂಬಳ ಮತ್ತೆ ಕೂಡಿಟ್ಟ ದುಡ್ಡು ಅಂತ ಅರ್ಥ ಮಾಡ್ಕೊಂಡೆ. ಆಮ್ಲಜನಕ ಸಂಬಳ ಇದ್ದ ಹಾಗೆ, ಪ್ರತಿ ಸೆಕೆಂಡೂ ಇಷ್ಟು ಅಂತ ಬರ್ತಾನೇ ಇರತ್ತೆ, ಜಾಸ್ತಿ ಕೇಳಿದ್ರೂ ಸಿಗಲ್ಲ. ಮೊದಲೆರಡು ದಾರಿ ಸೇರಿ ಕೂಡಿಟ್ಟ ಗಂಟು, ಎಷ್ಟು ಬೇಗ ಬೇಕಾದ್ರೂ ಖರ್ಚು ಮಾಡಬಹುದು, ಆದ್ರೆ ಗಂಟು ಇರೋದು ಒಂದೇ. 400 ಮೀಟರಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 40 ಭಾಗ ಮಾತ್ರ ಸಂಬಳದಿಂದ ಬರತ್ತೆ, 800ಕ್ಕೆ 65ರ ಹತ್ತಿರ, 1500ಕ್ಕೆ ಬಂದ್ರೆ 85ರ ಆಸುಪಾಸು.

ಈಗ ಪಟ್ಟಿಗೆ ವಾಪಸ್ ಬರೋಣ, ನಂಗೆ ಜಾಸ್ತಿ ಆಶ್ಚರ್ಯ ಆಗಿದ್ದು ಇಲ್ಲೇ. 400ರಿಂದ 800ಕ್ಕೆ ಹೋದಾಗ ವೇಗ 33.5ರಿಂದ 28.5ಕ್ಕೆ ಬೀಳತ್ತೆ. ಬರೀ ಒಂದು ಸುತ್ತು ಜಾಸ್ತಿ ಮಾಡಿದ್ದಕ್ಕೆ ಐದು ಕಿಲೋಮೀಟರ್ ದಂಡ! ಅದೇ 10,000 ಮೀಟರಿನಿಂದ ಮ್ಯಾರಥಾನಿಗೆ ಹೋಗಿ, ಹೆಚ್ಚುವರಿ 32 ಕಿಲೋಮೀಟರ್ ಓಡಬೇಕು, ಆದ್ರೆ ವೇಗ ಬೀಳೋದು 22.9ರಿಂದ 21ಕ್ಕೆ, ಎರಡು ಕಿಲೋಮೀಟರೂ ಇಲ್ಲ. ಗ್ರಾಫ್ ಬರೆದ್ರೆ ಮೊದಲು ಬಂಡೆಯಿಂದ ಜಾರಿ ಬಿದ್ದ ಹಾಗೆ, ಆಮೇಲೆ ಬಯಲಲ್ಲಿ ನಡೆದ ಹಾಗೆ ಕಾಣತ್ತೆ.

ಆ ಜಾರು ಬಂಡೆ ಮೇಲೆ ನಿಂತಿರೋನು ಡೇವಿಡ್ ರುಡಿಶಾ. 2012ರ ಲಂಡನ್ ಫೈನಲ್, 800 ಮೀಟರ್, 1:40.91. ಮುಂದೆ ಓಡಿ ವೇಗ ಹಿಡಿದುಕೊಡೋ ಪೇಸರ್ ಇರಲಿಲ್ಲ, ಒಲಿಂಪಿಕ್ ಫೈನಲಲ್ಲಿ ಇರೋದೂ ಇಲ್ಲ, ಶುರುವಿಂದ ಅವನೇ ಮುಂದೆ. ಮೊದಲ ಸುತ್ತು 49.28, ಎರಡನೇದು 51.63. ವಾನ್ ನೀಕರ್ಕ್ ಥರ ಓಟದ ಒಳಗೇ ಕುಸಿಯೋ ಹಾಗಿಲ್ಲ ಇವನು, ಎರಡು ಸುತ್ತಿನ ನಡುವೆ ವ್ಯತ್ಯಾಸ ಎರಡು ಸೆಕೆಂಡ್ ಚಿಲ್ಲರೆ ಅಷ್ಟೇ. ಆದ್ರೆ ಮೊದಲ ಸುತ್ತಿಗೇ 49 ತಗೊಂಡಿದ್ದಾನೆ ನೋಡಿ, ಗಂಟು ಎರಡು ಸುತ್ತಿಗೂ ಬರಬೇಕು ಅಂತ ಹೊರಡುವಾಗ್ಲೇ ಕೈ ಬಿಗಿ ಹಿಡಿದಿದ್ದಾನೆ. ನನ್ನ ತಲೆಯಲ್ಲಿ ಎರಡು ಬೇರೆ ಬೇರೆ ವಿಷಯ ಒಂದಾಗಿ ಕಲೆಸಿಹೋಗಿದ್ದವು ಅಂತ ಗೊತ್ತಾಗಿದ್ದು ಇದನ್ನ ನೋಡಿದಾಗ. ಸಣ್ಣ ದೂರದಲ್ಲಿ ಓಟಗಾರ ಓಡ್ತಾ ಓಡ್ತಾ ನಿಧಾನ ಆಗ್ತಾನೆ. ದೊಡ್ಡ ದೂರದಲ್ಲಿ ಹೊರಡೋ ಮೊದಲೇ ನಿಧಾನ ಆಗಿರ್ತಾನೆ.

ಈ ಗಂಟಿನ ಲೆಕ್ಕ ಹಾಕೋಕೂ ಬರತ್ತೆ. ದಾಖಲೆಗಳ ವೇಗ ಮತ್ತೆ ಸಮಯವನ್ನ ಗ್ರಾಫ್ ಮೇಲಿಟ್ಟು ಎ.ವಿ. ಹಿಲ್ ಅನ್ನೋ ಬ್ರಿಟಿಷ್ ಶರೀರಶಾಸ್ತ್ರಜ್ಞ 1925ರಲ್ಲೇ ತಲೆ ಕೆಡಿಸ್ಕೊಂಡಿದ್ದ. ಆಮೇಲಿನವರು ಅದನ್ನ ಸುಲಭ ಮಾಡಿ, ಓಡಿದ ದೂರ ಅಂದ್ರೆ ಸಂಬಳದ ವೇಗವನ್ನ ಸಮಯದಿಂದ ಗುಣಿಸಿ ಅದಕ್ಕೆ ಗಂಟನ್ನ ಕೂಡಿಸೋದು ಅಂತ ಮಾಡಿದ್ರು. ನಾನು 1500 ಮತ್ತೆ 5000ದ ದಾಖಲೆ ತಗೊಂಡೆ, ಹಿಶಾಮ್ ಎಲ್ ಗೆರೂಜ್ 1998ರಲ್ಲಿ ರೋಮಲ್ಲಿ ಓಡಿದ 3:26.00, ಜೋಶುವಾ ಚೆಪ್ಟೆಗೇ 2020ರಲ್ಲಿ ಮೊನಾಕೋದಲ್ಲಿ ಓಡಿದ 12:35.36. ಇಬ್ಬರು ಬೇರೆ ಬೇರೆ ಮನುಷ್ಯರು, ಹಾಗಾಗಿ ಇದು ಯಾರ ದೇಹದ ಅಳತೆಯೂ ಅಲ್ಲ, ಅಂದಾಜು ಅಷ್ಟೇ. ದೂರದ ವ್ಯತ್ಯಾಸ 3500 ಮೀಟರ್, ಸಮಯದ ವ್ಯತ್ಯಾಸ 549 ಸೆಕೆಂಡ್. ಭಾಗಿಸಿದ್ರೆ ಸೆಕೆಂಡಿಗೆ 6.37 ಮೀಟರ್, ಇದು ಸಂಬಳ. ಈ ವೇಗದಲ್ಲಿ 206 ಸೆಕೆಂಡಿಗೆ ಸುಮಾರು 1312 ಮೀಟರ್ ಆಗತ್ತೆ, 1500ಕ್ಕೆ ಕಮ್ಮಿ ಬಿದ್ದ 188 ಮೀಟರೇ ಗಂಟು.

ಈ 188 ಮೀಟರ್ 1500ರಲ್ಲಿ ಎಂಟನೇ ಒಂದು ಭಾಗ, ದೊಡ್ಡ ಪಾಲು. 5000ದಲ್ಲಿ ನೂರಕ್ಕೆ ನಾಲ್ಕೂ ಇಲ್ಲ. ಮ್ಯಾರಥಾನಲ್ಲಿ ನೂರಕ್ಕೆ ಅರ್ಧಕ್ಕಿಂತ ಕಮ್ಮಿ, ಇದ್ರೂ ಒಂದೇ ಇಲ್ದಿದ್ರೂ ಒಂದೇ. ಮೊದಲು ಬಂಡೆ, ಆಮೇಲೆ ಬಯಲು ಯಾಕೆ ಅನ್ನೋದಕ್ಕೆ ಇದೇ ಉತ್ತರ. ಗಂಟು ಅಷ್ಟೇ ಇದೆ, ಹಂಚ್ಕೊಳ್ಳೋ ಮೀಟರ್‌ಗಳು ಜಾಸ್ತಿ ಆಗ್ತಾ ಹೋದಂಗೆ ಒಂದೊಂದಕ್ಕೂ ಸಿಗೋದು ಚೂರುಪಾರು.

ಖುಷಿಯಾಯ್ತು, ಅರ್ಥ ಆಯ್ತು ಅಂದ್ಕೊಂಡು ಇದೇ ಲೆಕ್ಕದಲ್ಲಿ ಮ್ಯಾರಥಾನ್ ಎಷ್ಟಾಗಬೇಕು ಅಂತ ನೋಡಿದೆ. 1 ಗಂಟೆ 50 ನಿಮಿಷ ಬಂತು! ಕಿಪ್ಟಮ್‌ಗಿಂತ ಹತ್ತು ನಿಮಿಷಕ್ಕೂ ಮುಂದೆ. ಎಲ್ಲೋ ಕೂಡೋದ್ರಲ್ಲಿ ತಪ್ಪಿದೀನಿ ಅಂತ ಎರಡು ಸಲ ಮಾಡಿದೆ, ತಪ್ಪಿರಲಿಲ್ಲ. 10,000 ಮೀಟರಿಗೇ ಈ ಲೆಕ್ಕ 25:40 ಅನ್ನತ್ತೆ, ಚೆಪ್ಟೆಗೇ ದಾಖಲೆ 26:11. ಅಂದ್ರೆ ಸಂಬಳ ಯಾವಾಗಲೂ ಒಂದೇ ಇರತ್ತೆ ಅಂತ ನಾನು ಹಿಡಿದಿದ್ದೇ ತಪ್ಪು. ಹೊತ್ತು ಹೋದಂಗೆ ಅದೂ ಕಮ್ಮಿ ಆಗ್ತಾ ಹೋಗತ್ತೆ.

ಯಾಕೆ ಅನ್ನೋದಕ್ಕೆ ಒಂದೇ ಕಾರಣ ಇಲ್ಲ, ಆದ್ರೆ ದೊಡ್ಡದು ಗ್ಲೈಕೋಜನ್. ಒಂದು ಕಿಲೋ ತೂಕವನ್ನ ಒಂದು ಕಿಲೋಮೀಟರ್ ಓಡಿಸೋಕೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು, 60 ಕಿಲೋ ಮನುಷ್ಯ 42 ಕಿಲೋಮೀಟರ್ ಓಡಿದ್ರೆ 2500 ಆಯ್ತು. ಸ್ನಾಯು ಮತ್ತೆ ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿ ಇರೋದು 2000ದ ಆಸುಪಾಸು. ಕೊಬ್ಬು ಬೇಕಾದಷ್ಟಿದೆ, ತೆಳ್ಳಗಿರೋರ ಹತ್ರಾನೂ ವಾರಗಟ್ಟಲೆ ಆಗೋಷ್ಟಿದೆ, ಆದ್ರೆ ಕೊಬ್ಬು ಉರಿಯೋದು ನಿಧಾನ, ಅದೇ ಒಂದು ಲೀಟರ್ ಆಮ್ಲಜನಕಕ್ಕೆ ಕೊಡೋ ಶಕ್ತಿನೂ ಸ್ವಲ್ಪ ಕಮ್ಮಿ. ಹಾಗಾಗಿ ಮ್ಯಾರಥಾನ್ ಓಡೋರು ಗ್ಲೈಕೋಜನ್ ಕೊನೆವರೆಗೂ ಬರೋ ಥರ ವೇಗ ಹಿಡೀಬೇಕು, ದಾರಿಯಲ್ಲಿ ಸಕ್ಕರೆ ನೀರು, ಜೆಲ್ ಹಾಕ್ಕೊಳ್ತಾ ಇರಬೇಕು. ಇದರ ಮೇಲೆ ಮೈ ಬಿಸಿಯಾಗಿ ರಕ್ತ ಚರ್ಮದ ಕಡೆ ಹೋಗೋದು, ಸಾವಿರಾರು ಹೆಜ್ಜೆಯ ಪೆಟ್ಟಿಗೆ ಸ್ನಾಯುವಿನ ನಾರು ಹರಿದು ಅದೇ ವೇಗಕ್ಕೆ ಜಾಸ್ತಿ ಶಕ್ತಿ ಬೇಕಾಗೋದು, ಎಲ್ಲಾ ಸೇರತ್ತೆ.

ಈ ನಿಧಾನದ ಇಳಿತಕ್ಕೆ ಪೀಟರ್ ರೀಗಲ್ ಅನ್ನೋ ಅಮೆರಿಕನ್ ಎಂಜಿನಿಯರ್ 1977ರಲ್ಲಿ ಒಂದು ಸೂತ್ರ ಬರೆದ. ಆನ್‌ಲೈನಲ್ಲಿ ಸಿಗೋ ರೇಸ್ ಟೈಮ್ ಕ್ಯಾಲ್ಕುಲೇಟರ್‌ಗಳಲ್ಲಿ ಬಹಳಷ್ಟರ ಹೊಟ್ಟೆಯಲ್ಲಿರೋದು ಇದೇ:

```
T2 = T1 × (D2 / D1)^1.06
```

T1 ಅನ್ನೋದು ಓಡಿ ಆಗಿರೋ ಸಮಯ, D1 ಆ ದೂರ, D2 ಮುಂದೆ ಓಡಬೇಕಾದ ದೂರ. ಆ 1.06 ಬದಲು 1 ಇದ್ದಿದ್ರೆ ವೇಗ ಬೀಳ್ತಾನೇ ಇರಲಿಲ್ಲ, ಮೇಲಿರೋ ಆ 0.06ರಿಂದ ದೂರ ಡಬಲ್ ಆದಾಗಲೆಲ್ಲ ವೇಗ ನೂರಕ್ಕೆ ನಾಲ್ಕರಷ್ಟು ಇಳಿಯತ್ತೆ. ಚೆಪ್ಟೆಗೇಯ 26:11 ಹಾಕಿ ಮ್ಯಾರಥಾನ್ ಕೇಳಿದೆ, 2:00:27 ಅಂತು. ಕಿಪ್ಟಮ್ ಓಡಿದ್ದು 2:00:35. ಎರಡು ಗಂಟೆಯ ಓಟ, ಬೇರೆ ಮನುಷ್ಯ, ಬೇರೆ ರಸ್ತೆ, ಶೂ ಬೇರೆ, ಸೂತ್ರ ಹುಟ್ಟಿದ್ದು ಇವರಿಬ್ಬರೂ ಹುಟ್ಟೋಕೆ ಮುಂಚೆ, ಆದ್ರೂ ಎಂಟೇ ಸೆಕೆಂಡ್ ವ್ಯತ್ಯಾಸ. ಇಷ್ಟು ಹತ್ತಿರ ಬಂದಿದ್ದು ಸ್ವಲ್ಪ ಅದೃಷ್ಟಾನೂ ಇರಬಹುದು, 5000ದ ದಾಖಲೆ ಹಾಕಿದ್ರೆ 2:00:45 ಬರತ್ತೆ, ಅದೂ ಕೆಟ್ಟದ್ದಲ್ಲ. ತಮಾಷೆಗೆ ಬೋಲ್ಟ್‌ನ 9.58 ಹಾಕಿದೆ. 1 ಗಂಟೆ 37 ನಿಮಿಷಕ್ಕೆ ಬೋಲ್ಟ್ ಮ್ಯಾರಥಾನ್ ಮುಗಿಸ್ತಾನಂತೆ! ಸೂತ್ರಕ್ಕೆ ಗಂಟಿನ ವಿಷಯ ಗೊತ್ತಿಲ್ಲ. ರೀಗಲ್ಲೇ ಅದನ್ನ ಸುಮಾರು ಮೂರೂವರೆ ನಿಮಿಷದಿಂದ 230 ನಿಮಿಷದ ಒಳಗಿನ ಓಟಕ್ಕೆ ಮಾತ್ರ ಅಂತ ಇಟ್ಟಿದ್ದು.

ಈ 230 ನಿಮಿಷದ ಗೆರೆ ನನಗೆ ಮೊದಲೇ ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು. ಕೆಲವು ವರ್ಷದ ಹಿಂದೆ ನಾನೂ ಒಂದು ಮ್ಯಾರಥಾನ್ ಓಡಿದ್ದೆ, ಒಂದೇ ಒಂದು. ಆಗ ನನ್ನ 5 ಕಿಲೋಮೀಟರ್ ಟೈಮ್ 27 ನಿಮಿಷ, ಯಾವುದೋ ಕ್ಯಾಲ್ಕುಲೇಟರಲ್ಲಿ ಹಾಕಿದ್ದಕ್ಕೆ 4 ಗಂಟೆ 19 ನಿಮಿಷ ಅಂತ ಬಂತು, ಅಂದ್ರೆ 259 ನಿಮಿಷ, ಗೆರೆಯಿಂದ ಆಚೆ. ಸೂತ್ರ ಇನ್ನೊಂದನ್ನೂ ಹೇಳದೇ ಊಹಿಸ್ಕೊಳ್ಳತ್ತೆ, ನೀವು ಎರಡೂ ದೂರಕ್ಕೆ ಒಂದೇ ಥರ ತಯಾರಾಗಿದೀರ ಅಂತ. ನಾನು ಪ್ರಾಕ್ಟೀಸಲ್ಲಿ 22 ಕಿಲೋಮೀಟರಿಗಿಂತ ಜಾಸ್ತಿ ಒಂದು ಸಲಾನೂ ಓಡಿರಲಿಲ್ಲ. ಆದ್ರೂ ಕೈ ಗಡಿಯಾರದಲ್ಲಿ ಕಿಲೋಮೀಟರಿಗೆ 6:08 ಅಂತ ನೋಡ್ಕೊಂಡು ಓಡಿದೆ, ಒಂದೇ ಸಮ, ಶಿಸ್ತಾಗಿ, 30ನೇ ಕಿಲೋಮೀಟರಿಗೆ 3 ಗಂಟೆ 4 ನಿಮಿಷ, ಲೆಕ್ಕಕ್ಕೆ ಸರಿಯಾಗಿ. 31ಕ್ಕೆ ಏನೂ ಇಲ್ಲ. 32ರಲ್ಲಿ ತಲೆ ಸ್ವಲ್ಪ ಮಂಕಾಯ್ತು, ಮುಂದಿನ ಬೋರ್ಡ್ ಎಷ್ಟು ದೂರ ಅಂತ ಕಳೆಯೋಕೂ ಬರಲಿಲ್ಲ, ತಣ್ಣಗೆ ಬೆವರ್ತಾ ಇದ್ದೆ. ಉಸಿರು ಮಾತ್ರ ಆರಾಮಾಗಿತ್ತು, ಇದೇ ವಿಚಿತ್ರ, 400 ಮೀಟರಲ್ಲಿ ಬಿದ್ದಾಗ ಎದೆ ಒಡೆದು ಹೋಗೋ ಹಾಗಿತ್ತು, ಇಲ್ಲಿ ಎದೆಗೆ ಏನೂ ಆಗಿಲ್ಲ, ಕಾಲಿಗೆ ಕರೆಂಟ್ ಬರ್ತಿಲ್ಲ ಅಷ್ಟೇ. ಕೊನೆಯ 12 ಕಿಲೋಮೀಟರ್ ಒಂದೊಂದಕ್ಕೂ ಒಂಬತ್ತು ನಿಮಿಷದ ಹತ್ತಿರ ತಗೊಂಡೆ, ನಡೆದೆ, ನಿಂತೆ, ಒಂದು ಕಡೆ ಕೂತೂ ಬಿಟ್ಟೆ. 4 ಗಂಟೆ 52 ನಿಮಿಷ.

ಚಿಕಾಗೋದಲ್ಲಿ ಕಿಪ್ಟಮ್ ಮೊದಲ ಅರ್ಧವನ್ನ 60 ನಿಮಿಷ 48 ಸೆಕೆಂಡಿಗೆ ಓಡಿದ್ದ. ಎರಡನೇ ಅರ್ಧ 59:47.